ರೆಂಡರ್‌ನಲ್ಲಿ ಲೈಟು ನಿಜವಾಗ್ಲೂ ಉರೀತಿರೋ ಹಾಗೆ ಕಾಣಬೇಕಾ? ಡೌನ್‌ಲೈಟ್, ಪೆಂಡೆಂಟ್, ಶಾಂಡಲಿಯರ್ ಹಂತ ಹಂತವಾಗಿ

ಇಂಟೀರಿಯರ್ ರೆಂಡರ್ ಮಾಡೋರು ಮತ್ತೆ ಮತ್ತೆ ಕೇಳೋದು ಒಂದೇ ಪ್ರಶ್ನೆ. ಸೀಲಿಂಗಲ್ಲಿ ಡೌನ್‌ಲೈಟ್ ಇಟ್ಟಿದೀನಿ, ಟೇಬಲ್ ಮೇಲೆ ಪೆಂಡೆಂಟ್ ತೂಗು ಹಾಕಿದೀನಿ, ಎಲ್ಲದಕ್ಕೂ ಎಮಿಶನ್ ಕೊಟ್ಟಿದೀನಿ, ಆದ್ರೂ ಲ್ಯಾಂಪು ಬಿಳಿ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣ್ತದೆ, ನೆಲದ ಮೇಲೆ ಬೆಳಕಿನ ವೃತ್ತ ಬೀಳೋದೇ ಇಲ್ಲ, ಏನು ಮಾಡ್ಲಿ? ಹೀಗೆ ಕೇಳೋರಲ್ಲಿ ಮುಕ್ಕಾಲು ಪಾಲು ಜನ ಅಷ್ಟರಲ್ಲಾಗಲೇ ಗ್ಲೋ ಎಫೆಕ್ಟ್ ಹಾಕಿ ನೋಡಿರ್ತಾರೆ, ಚಿತ್ರ ಇನ್ನಷ್ಟು ಮಂಜು ಮಂಜಾಗಿರತ್ತೆ.

ಇದಕ್ಕೆ ಕಾರಣ ಒಂದೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಪ್ರತಿ ಲ್ಯಾಂಪಿಗೂ ಎರಡು ಕೆಲಸ ಇರತ್ತೆ: ಒಂದು, ರೂಮಿಗೆ ಬೆಳಕು ಕೊಡೋದು, ಇನ್ನೊಂದು, ಕ್ಯಾಮೆರಾ ಕಣ್ಣಿಗೆ ತಾನೇ ಹೊಳೆಯೋದು. ನಾವು ಒಂದೇ ಎಮಿಶನ್ ಕೊಟ್ಟು ಎರಡೂ ಕೆಲಸ ಅದರಿಂದಲೇ ಮಾಡಿಸೋಕೆ ಹೋಗ್ತೀವಿ. ರೂಮಿಗೆ ಸಾಕಾಗೋಷ್ಟು ಕೊಟ್ರೆ ಲ್ಯಾಂಪು ಬಿಳಿಯಾಗಿ ಸುಟ್ಟುಹೋಗತ್ತೆ, ಲ್ಯಾಂಪು ಚೆನ್ನಾಗಿ ಕಾಣೋಷ್ಟು ಮಾತ್ರ ಕೊಟ್ರೆ ರೂಮು ಕತ್ತಲೆ. ಹಾಗಾಗಿ ಮುಂದಿನ ಎಲ್ಲಾ ಹಂತದಲ್ಲೂ ಇವೆರಡನ್ನ ಬೇರೆ ಬೇರೆ ಮಾಡ್ತಾ ಹೋಗೋಣ.

ನಾನಿಲ್ಲಿ ಬ್ಲೆಂಡರ್ ಮತ್ತು ಅದರ ಸೈಕಲ್ಸ್ ಎಂಜಿನ್ ಹಿಡ್ಕೊಂಡು ಹೇಳ್ತೀನಿ. ಬೇರೆ ಸಾಫ್ಟ್‌ವೇರ್‌ನಲ್ಲಿ ಬಟನ್ ಹೆಸರು ಬೇರೆ, ಬೆಳಕಿನ ಲೆಕ್ಕ ಅದೇ. ಉದಾಹರಣೆಗೆ ಒಂದು ಊಟದ ಕೋಣೆ ತಗೊಳ್ಳೋಣ: 4 ಮೀಟರ್ ಉದ್ದ, 3.6 ಮೀಟರ್ ಅಗಲ, ಸೀಲಿಂಗ್ 2.7 ಮೀಟರ್ ಎತ್ತರ. ನಡುವೆ 75 ಸೆಂ.ಮೀ. ಎತ್ತರದ ಟೇಬಲ್, ಅದರ ಮೇಲೆ ಒಂದು ಬಟ್ಟೆ ಶೇಡಿನ ಪೆಂಡೆಂಟ್, ಸೀಲಿಂಗಿನ ನಾಲ್ಕು ಮೂಲೆ ಕಡೆ ನಾಲ್ಕು ಡೌನ್‌ಲೈಟ್. ಹೊತ್ತು ರಾತ್ರಿ.

1. ಮೊದಲು ಕತ್ತಲೆ ಮಾಡಿ

ಬೆಳಕಿನ ವೃತ್ತ ಕಾಣಬೇಕಂದ್ರೆ ಸುತ್ತ ಕತ್ತಲೆ ಬೇಕು, ಇದನ್ನೇ ಎಲ್ಲರೂ ಮರೀತಾರೆ. ವರ್ಲ್ಡ್ ಸ್ಟ್ರೆಂತ್ ಸೊನ್ನೆ ಮಾಡಿ, ಎಚ್‌ಡಿಆರ್‌ಐ ತೆಗೀರಿ, "ಸ್ವಲ್ಪ ತುಂಬಲಿ" ಅಂತ ಕ್ಯಾಮೆರಾ ಹಿಂದೆ ಇಟ್ಟಿರೋ ಏರಿಯಾ ಲೈಟನ್ನೂ ಆಫ್ ಮಾಡಿ. ಕಿಟಕಿ ಆಚೆ ಸ್ವಲ್ಪ ನೀಲಿ ಬೇಕಿದ್ರೆ ಎಲ್ಲಾ ಮುಗಿದ ಮೇಲೆ ಹಾಕಿ.

ಆಮೇಲೆ ಗೋಡೆ ಬಣ್ಣ ನೋಡಿ. ಬಿಳಿ ಪೇಂಟ್ ಅಂತ ಹೇಳಿ `Base Color` ಅನ್ನು 1.0 ಇಟ್ಟಿದ್ರೆ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಬಡಿದು ಕರಗೋದೇ ಇಲ್ಲ, ರೂಮೆಲ್ಲಾ ಒಂದೇ ಸಮ ಬೆಳಗಿ ವೃತ್ತಗಳು ಮಾಯ ಆಗ್ತವೆ. ನಿಜವಾದ ಬಿಳಿ ಗೋಡೆ ಕೂಡ ಬಿದ್ದ ಬೆಳಕನ್ನೆಲ್ಲಾ ವಾಪಸ್ ಕೊಡಲ್ಲ. RGB ಬೆಲೆ 0.75 ದಾಟದ ಹಾಗೆ ನೋಡ್ಕೊಳ್ಳಿ, ಸೀಲಿಂಗ್ 0.8 ಇದ್ರೂ ಪರವಾಗಿಲ್ಲ. ವೃತ್ತ ಬೀಳ್ತಿಲ್ಲ ಅನ್ನೋ ಎಷ್ಟೋ ಸೀನ್ ಇಷ್ಟರಲ್ಲೇ ಸರಿಹೋಗತ್ತೆ.

ಸೀನ್ ಅಳತೆ ಮೀಟರ್‌ನಲ್ಲೇ ನಿಜ ಅಳತೆಗೆ ಇರಬೇಕು. ಇಲ್ಲದಿದ್ರೆ ಮುಂದಿನ ಯಾವ ಲೆಕ್ಕವೂ ಕೂಡಲ್ಲ, ಯಾಕಂದ್ರೆ ದೂರ ಎರಡರಷ್ಟಾದ್ರೆ ಬೀಳೋ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ `View Transform` ಅನ್ನು `AgX` ಇಡಿ, ಹಳೇ ವರ್ಶನ್ ಆದ್ರೆ `Filmic`. `Standard` ಇಟ್ರೆ 1.0 ದಾಟಿದ್ದೆಲ್ಲಾ ಥಟ್ ಅಂತ ಕತ್ತರಿಸಿಹೋಗತ್ತೆ, ಶೇಡಿನ ಮೇಲಿನ ಏರಿಳಿತ ಉಳಿಯೋದೇ ಇಲ್ಲ.

2. ಡೌನ್‌ಲೈಟಿಗೆ ಐಇಎಸ್ ಫೈಲ್

ಸೀಲಿಂಗ್ ಒಳಗೆ ಹುದುಗಿರೋ ಡೌನ್‌ಲೈಟ್ ಎಲ್ಲಾ ಕಡೆಗೂ ಬೆಳಕು ಚೆಲ್ಲಲ್ಲ. ಅದರೊಳಗಿನ ರಿಫ್ಲೆಕ್ಟರ್ ಬೆಳಕನ್ನ ಕೆಳಗೆ ಒಂದು ಕೋನದೊಳಗೆ ಕಟ್ಟಿಹಾಕತ್ತೆ. ಯಾವ ಕೋನದಲ್ಲಿ ಎಷ್ಟು ಬೆಳಕು ಅನ್ನೋ ಪಟ್ಟಿಯೇ ಐಇಎಸ್ ಫೈಲ್. ಲೈಟ್ ತಯಾರಕರು ಅಳತೆ ಮಾಡಿ ತಮ್ಮ ಸೈಟಲ್ಲಿ ಪುಕ್ಕಟೆ ಕೊಡ್ತಾರೆ. ತೆಗೆದು ನೋಡಿದ್ರೆ ಬರೀ ಟೆಕ್ಸ್ಟ್ ಫೈಲು ಅಷ್ಟೆ, ಹಾಗಾಗಿ ಕಲಿಯೋಕೆ ನಾವೇ ಒಂದು ಬರ್ಕೋಬಹುದು:

```
IESNA:LM-63-2002
TILT=NONE
1 -1 1.0 9 1 1 2 0 0 0
1.0 1.0 8
0 6 12 18 24 30 40 60 90
0
1500 1400 1130 750 400 190 60 4 0
```

ಐದನೇ ಸಾಲು ಕೋನಗಳು: 0 ಅಂದ್ರೆ ನೇರ ಕೆಳಗೆ, 90 ಅಂದ್ರೆ ಸೀಲಿಂಗಿಗೆ ಸಮಾನಾಂತರ. ಕೊನೇ ಸಾಲು ಆಯಾ ಕೋನದಲ್ಲಿ ಎಷ್ಟು ಕ್ಯಾಂಡೆಲಾ ಅಂತ. ಕ್ಯಾಂಡೆಲಾ ಅಂದ್ರೆ ಒಂದು ದಿಕ್ಕಿನಲ್ಲಿ ಬೆಳಕಿನ ಜೋರು; ಲೂಮೆನ್ ಅಂದ್ರೆ ಎಲ್ಲಾ ದಿಕ್ಕೂ ಸೇರಿಸಿ ಒಟ್ಟು ಬೆಳಕು. ನಡುವೆ 1500 ಇದ್ದದ್ದು 18 ಡಿಗ್ರಿಗೆ ಅರ್ಧ, ಅಂದ್ರೆ 750 ಆಗಿದೆ ನೋಡಿ. ಎರಡೂ ಬದಿ ಸೇರಿಸಿದ್ರೆ 36 ಡಿಗ್ರಿ, ಇದನ್ನೇ ಬೀಮ್ ಆಂಗಲ್ ಅನ್ನೋದು. ಬೀಮ್ ಆಂಗಲ್ ಅಂದ್ರೆ ಬೆಳಕು ಮುಗಿಯೋ ಜಾಗ ಅಲ್ಲ, ಅರ್ಧಕ್ಕೆ ಇಳಿಯೋ ಜಾಗ, ಅದರಾಚೆಗೂ ಮೆತ್ತಗೆ ಹರಡ್ತಾ ಹೋಗತ್ತೆ. ನೆಲದ ವೃತ್ತಕ್ಕೆ ಆ ನಯವಾದ ಅಂಚು ಸಿಗೋದು ಇದರಿಂದಲೇ. ಈ ಪಟ್ಟಿಯ ಒಟ್ಟು ಬೆಳಕು ಸುಮಾರು 700 ಲೂಮೆನ್, ಮನೆಯ ಒಂದು ಡೌನ್‌ಲೈಟಿಗೆ ತಕ್ಕ ಮಟ್ಟಿಗೆ ಸರಿ.

ಇದನ್ನ `.ies` ಅಂತ ಸೇವ್ ಮಾಡಿ. ಬ್ಲೆಂಡರಲ್ಲಿ ಪಾಯಿಂಟ್ ಲೈಟ್ ಹಾಕಿ (ಸ್ಪಾಟ್ ಬೇಡ, ಅದು ತನ್ನದೇ ಕೋನದಿಂದ ಮತ್ತೆ ಕತ್ತರಿಸತ್ತೆ), ಲೈಟ್ ಸೆಟ್ಟಿಂಗ್ಸ್‌ನಲ್ಲಿ `Use Nodes` ಒತ್ತಿ, `IES Texture` ನೋಡ್ ತಂದು `External` ಅಂತ ಇಟ್ಟು ಫೈಲ್ ಆರಿಸಿ, ಅದರ ಔಟ್‌ಪುಟನ್ನ `Emission` ನೋಡಿನ `Strength` ಗೆ ಜೋಡಿಸಿ. ರೇಡಿಯಸ್ 2 ಸೆಂ.ಮೀ. ಸಾಕು.

ಜನ ಮುಗ್ಗರಿಸೋದು ಇಲ್ಲೇ. ಲೈಟಿನ `Power` ಅನ್ನು 1 W ಮಾಡಿ. ಜೋರೆಲ್ಲಾ ಫೈಲಿನೊಳಗೇ ಇದೆ. ಸೈಕಲ್ಸ್ ಆ ಕ್ಯಾಂಡೆಲಾವನ್ನ ತನ್ನ ವ್ಯಾಟಿಗೆ ತಾನೇ ತಿರುಗಿಸಿಕೊಳ್ಳತ್ತೆ, ಸುಮಾರು 178 ಲೂಮೆನ್‌ಗೆ 1 W ಅನ್ನೋ ಲೆಕ್ಕದಲ್ಲಿ. ಮೊದಲಿದ್ದ 50 W, 100 W ಹಾಗೇ ಬಿಟ್ಟು ಐಇಎಸ್ ಜೋಡಿಸಿದ್ರೆ ಅಷ್ಟು ಪಟ್ಟು ಜಾಸ್ತಿಯಾಗಿ ಚಿತ್ರವೇ ಬೆಳ್ಳಗಾಗತ್ತೆ. ಈ ವ್ಯಾಟ್ ಅನ್ನೋದು ಕರೆಂಟ್ ಬಿಲ್ಲಿನ ವ್ಯಾಟ್ ಅಲ್ಲ, ಹೊರಗೆ ಬರೋ ಬೆಳಕಿನ ಶಕ್ತಿ, ಹಾಗಾಗಿ ಬಲ್ಬ್ ಡಬ್ಬಿ ಮೇಲಿನ ನಂಬರ್ ಇಲ್ಲಿ ಹಾಕಬೇಡಿ.

ಐಇಎಸ್ ಬೇಡ, ಸ್ಪಾಟ್ ಲೈಟೇ ಸಾಕು ಅನ್ನೋರು ಒಂದು ವಿಷಯ ಗಮನಿಸಿ. ಬ್ಲೆಂಡರ್ ಸ್ಪಾಟ್ ಲೈಟು ಬೆಳಕನ್ನ ಒಟ್ಟುಗೂಡಿಸಲ್ಲ. ಎಲ್ಲಾ ಕಡೆ ಹೋಗೋ ಬೆಳಕಿಗೆ ಕೋನದಾಚೆ ಮುಚ್ಚಳ ಹಾಕತ್ತೆ ಅಷ್ಟೇ. 700 ಲೂಮೆನ್ ಅಲ್ವಾ, 178 ರಿಂದ ಭಾಗಿಸಿ 4 W ಹಾಕ್ತೀನಿ ಅಂದ್ರೆ ನೆಲದ ಮೇಲೆ ಏನೂ ಕಾಣಲ್ಲ, ನಡುವಿನ 1500 ಕ್ಯಾಂಡೆಲಾ ಬರಬೇಕಂದ್ರೆ ಹತ್ತಿರ ಹತ್ತಿರ 106 W ಬೇಕು. "ಡೌನ್‌ಲೈಟ್ ಮಂಕು" ಅನ್ನೋ ದೂರಿನ ಹಿಂದೆ ಬಹಳ ಸಲ ಇದೇ ಇರತ್ತೆ. ಇನ್ನು ಈವಿ ಎಂಜಿನ್‌ನಲ್ಲಿ ಐಇಎಸ್ ನೋಡ್ ಕೆಲಸ ಮಾಡಲ್ಲ, ಅಲ್ಲಿ ಸ್ಪಾಟೇ ಗತಿ.

3. ಡೌನ್‌ಲೈಟ್ ಎಲ್ಲಿ ಕೂರಬೇಕು

ಐಇಎಸ್ ಪಟ್ಟಿ ಅಳೆದಿರೋದು ಪೂರ್ತಿ ಫಿಟ್ಟಿಂಗ್ ಸಮೇತ, ರಿಫ್ಲೆಕ್ಟರಿನ ಕೆಲಸ ಅದರಲ್ಲಿ ಆಗಲೇ ಸೇರಿಹೋಗಿದೆ. ಹಾಗಾಗಿ ಲೈಟನ್ನ ನೀವು ಮಾಡಿರೋ ಡಬ್ಬಿಯ ಒಳಗೆ ಇಡಬೇಡಿ, ಸೀಲಿಂಗ್ ಮಟ್ಟದಿಂದ 1 ಸೆಂ.ಮೀ. ಕೆಳಗೆ ಇಡಿ. ಒಳಗಿಟ್ರೆ ಡಬ್ಬಿ ಗೋಡೆ ಇನ್ನೊಂದು ಸಲ ಬೆಳಕನ್ನ ಕತ್ತರಿಸಿ, ವೃತ್ತದ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಆಗತ್ತೆ.

ಇದು ರೂಮಿಗೆ ಬೆಳಕು ಕೊಡೋ ಭಾಗ. ಕಣ್ಣಿಗೆ ಕಾಣೋ ಭಾಗಕ್ಕೆ ಬೇರೆ ವ್ಯವಸ್ಥೆ: 8 ಸೆಂ.ಮೀ. ಅಗಲದ ಡಬ್ಬಿ ಮಾಡಿ, ಅದರೊಳಗೆ 6 ಸೆಂ.ಮೀ. ಮೇಲೆ ಒಂದು ಸಣ್ಣ ತಟ್ಟೆ ಇಟ್ಟು ಅದಕ್ಕೆ ಎಮಿಶನ್ 2ರ ಆಸುಪಾಸು ಕೊಡಿ. ಆಳ ಮುಖ್ಯ, ಯಾಕಂದ್ರೆ ಈ ಅಳತೆಯಲ್ಲಿ ನೇರ ಕೆಳಗಿನಿಂದ ಸುಮಾರು 53 ಡಿಗ್ರಿ ಆಚೆಗೆ ಹೋದ್ರೆ ತಟ್ಟೆ ಪೂರ್ತಿ ಮರೆಯಾಗತ್ತೆ, ಡಬ್ಬಿಯ ಒಳಗೋಡೆ ಮೆತ್ತಗೆ ಬೆಳಗಿರೋದು ಮಾತ್ರ ಕಾಣತ್ತೆ. ಹತ್ತಿರದ ಡೌನ್‌ಲೈಟ್ ಹೊಳೆಯೋದು, ದೂರದ್ದು ಶಾಂತವಾಗಿರೋದು, ಇದೆಲ್ಲಾ ತಾನಾಗೇ ಬರತ್ತೆ. ತಟ್ಟೆಯನ್ನ ಸೀಲಿಂಗ್ ಮಟ್ಟಕ್ಕೇ ಇಟ್ಟವರ ಚಿತ್ರದಲ್ಲಿ ಎಲ್ಲಾ ಡೌನ್‌ಲೈಟೂ ಒಂದೇ ಥರ ಬಿಳಿ ಚುಕ್ಕೆ.

ಸರಿಯಾಗಿದೆಯಾ ಅಂತ ತಿಳ್ಕೊಳ್ಳೋಕೆ ಸೀಲಿಂಗ್ ನೋಡಿ. ಹುದುಗಿಸಿದ ಡೌನ್‌ಲೈಟು ತನ್ನ ಸುತ್ತಲಿನ ಸೀಲಿಂಗಿಗೆ ನೇರ ಬೆಳಕು ಕೊಡೋಕೆ ಸಾಧ್ಯವೇ ಇಲ್ಲ; ಅಲ್ಲಿಗೆ ಹೋಗೋದು ನೆಲ, ಗೋಡೆಯಿಂದ ಬಡಿದು ಬಂದದ್ದು ಮಾತ್ರ. ಲೈಟಿನ ಸುತ್ತ ಸೀಲಿಂಗ್ ಮೇಲೆ ಬೆಳಕಿನ ಬಳೆ ಕಂಡ್ರೆ ಐಇಎಸ್ ಜೋಡಣೆ ತಪ್ಪಿದೆ ಅಥವಾ ತಟ್ಟೆ ಕೆಳಗೆ ಇಣುಕ್ತಿದೆ ಅಂತ ಅರ್ಥ.

ವೃತ್ತದ ಅಗಲಕ್ಕೆ ಸುಲಭ ಲೆಕ್ಕ ಇದೆ: ಎತ್ತರ × 2 × ಅರ್ಧ ಬೀಮ್ ಕೋನದ ಟ್ಯಾನ್. ನಮ್ಮ 36 ಡಿಗ್ರಿ ಲೈಟಿಗೆ 2.7 ಮೀಟರ್ ಕೆಳಗಿನ ನೆಲದಲ್ಲಿ 1.75 ಮೀಟರ್. 24 ಡಿಗ್ರಿ ಆಗಿದ್ರೆ 1.15 ಮೀಟರ್, 60 ಡಿಗ್ರಿ ಆಗಿದ್ರೆ 3.1 ಮೀಟರ್, ಆಗ 4 ಮೀಟರ್ ರೂಮಲ್ಲಿ ವೃತ್ತ ಅಂತ ಗುರುತಿಸೋಕೇ ಆಗಲ್ಲ, ಎಲ್ಲಾ ಒಂದರೊಳಗೊಂದು ಸೇರಿಹೋಗತ್ತೆ.

ಗೋಡೆ ಮೇಲೆ ಬೀಳೋ ಕಮಾನಿನಾಕಾರದ ಬೆಳಕು ಬೇಕು ಅಂದ್ರೆ ಲೈಟು ಗೋಡೆ ಹತ್ತಿರ ಬರಬೇಕು. 70 ಸೆಂ.ಮೀ. ದೂರ ಇಟ್ರೆ ನಮ್ಮ ಬೀಮಿನ ಅಂಚು ಗೋಡೆಗೆ ತಾಗೋದು ಸೀಲಿಂಗಿನಿಂದ 2.15 ಮೀಟರ್ ಕೆಳಗೆ, ಅಂದ್ರೆ ನೆಲದಿಂದ ಬರೀ 55 ಸೆಂ.ಮೀ. ಮೇಲೆ, ಲೆಕ್ಕಕ್ಕಿಲ್ಲ. 30 ಸೆಂ.ಮೀ. ಇಟ್ರೆ 92 ಸೆಂ.ಮೀ. ಕೆಳಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಚೆಂದದ ಕಮಾನು. ಹಾಗಾಗಿ ನಮ್ಮ ರೂಮಲ್ಲಿ ಹಿಂದಿನ ಗೋಡೆಯ ಎರಡು ಲೈಟು 30 ಸೆಂ.ಮೀ., ಮಿಕ್ಕೆರಡು ಗೋಡೆಯಿಂದ 70 ಸೆಂ.ಮೀ.

ಟೇಬಲ್ಲಿನ ನೆತ್ತಿ ಮೇಲೆ ಡೌನ್‌ಲೈಟ್ ಇಡಬೇಡಿ ಅಂತಲೂ ಇಲ್ಲೇ ಹೇಳಿಬಿಡ್ತೀನಿ, ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗತ್ತೆ.

4. ಪೆಂಡೆಂಟ್: ಬಲ್ಬ್ ಒಂದು, ಶೇಡ್ ಒಂದು

ನಮ್ಮ ಶೇಡು 40 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಡ್ರಮ್, ಮೇಲೂ ಕೆಳಗೂ ತೆರೆದಿದೆ. ಕೆಳ ಅಂಚು ಟೇಬಲ್ಲಿನಿಂದ 75 ಸೆಂ.ಮೀ. ಮೇಲೆ. ಒಳಗೆ ಒಂದು ಪಾಯಿಂಟ್ ಲೈಟ್, 800 ಲೂಮೆನ್ ಬಲ್ಬಿನ ಲೆಕ್ಕದಲ್ಲಿ 178 ರಿಂದ ಭಾಗಿಸಿದ್ರೆ 4.5 W, ರೇಡಿಯಸ್ 3 ಸೆಂ.ಮೀ. ವ್ಯಾಟ್ ಲೆಕ್ಕ ಬೇರೆ ಕಡೆ ಬೇರೆ ಥರ ಸಿಗಬಹುದು, ಆದ್ರೆ ಡೌನ್‌ಲೈಟಿಗೆ ಐಇಎಸ್ ಇರೋದ್ರಿಂದ ಎಲ್ಲಾ ಲೈಟಿಗೂ ಇದೇ ಲೆಕ್ಕ ಹಿಡಿದ್ರೆ ಒಂದಕ್ಕೊಂದು ತಾಳೆ ಇರತ್ತೆ.

ಈಗ ಶೇಡ್. ಶೇಡಿಗೆ ಎಮಿಶನ್ ಕೊಡೋ ಆಸೆ ಬಿಡಿ. ಎಮಿಶನ್ ಕೊಟ್ಟ ಶೇಡು ಮೇಲಿಂದ ಕೆಳಗಿನವರೆಗೂ ಒಂದೇ ಸಮ ಹೊಳೆಯತ್ತೆ. ನಿಜವಾದ ಶೇಡು ಬಲ್ಬಿನ ಮಟ್ಟದಲ್ಲಿ ಜಾಸ್ತಿ, ಅಂಚಿನ ಕಡೆ ಹೋಗ್ತಾ ಕಮ್ಮಿ. ಆ ಏರಿಳಿತವೇ ಒಳಗೆ ಏನೋ ಉರೀತಿದೆ ಅನ್ನೋ ಭಾವನೆ ಕೊಡೋದು. `Translucent BSDF` ಮತ್ತು `Diffuse BSDF` ಎರಡನ್ನೂ `Mix Shader` ನಲ್ಲಿ ಅರ್ಧರ್ಧ ಸೇರಿಸಿ, ಬಣ್ಣ 0.7 ರಿಂದ 0.8 ಇಡಿ. ಟ್ರಾನ್ಸ್‌ಲುಸೆಂಟ್ ಅಂದ್ರೆ ಬೆಳಕು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಚದುರಿ ಬರೋದು, ಬಟ್ಟೆ, ಪೇಪರ್ ಥರ.

ಶೇಡ್ ಮೆಶ್ ಒಂದೇ ಪದರ ಇರಬೇಕು. ನೋಡೋಕೆ ಚೆಂದ ಅಂತ `Solidify` ಹಾಕಿ ದಪ್ಪ ಕೊಟ್ರೆ ಒಳಗೊಂದು ಹೊರಗೊಂದು ಎರಡು ಗೋಡೆ ಆಗತ್ತೆ, ಒಳಗಿನದು ದಾಟಿದ ಅರೆಬರೆ ಬೆಳಕು ಹೊರಗಿನದನ್ನೂ ದಾಟಬೇಕು, ಶೇಡು ಕೊಳೆ ಬಣ್ಣದಲ್ಲಿ ಸತ್ತ ಹಾಗೆ ಕಾಣತ್ತೆ. ಮಾರ್ಕೆಟ್ಟಿಂದ ಡೌನ್‌ಲೋಡ್ ಮಾಡಿದ ಮಾಡೆಲ್ ಎಲ್ಲಾ ಹೆಚ್ಚುಕಮ್ಮಿ ಹೀಗೇ ಇರತ್ತೆ, ಎಡಿಟ್ ಮೋಡಲ್ಲಿ ತೆಗೆದು ಒಂದು ಪದರ ಅಳಿಸಿಬಿಡಿ. ಅಂಚಿಗೆ ದಪ್ಪ ಬೇಕಿದ್ರೆ ಒಂದು ತೆಳು ರಿಂಗ್ ಸೇರಿಸಿ.

ಕಾಣೋ ಬಲ್ಬು ಇನ್ನೊಂದು ಕಿರಿಕಿರಿ. ಪಾಯಿಂಟ್ ಲೈಟಿನ ಸುತ್ತ ಬಲ್ಬಿನ ಮೆಶ್ ಇದ್ರೆ ಆ ಮೆಶ್ಶೇ ಬೆಳಕನ್ನ ಒಳಗೆ ಬಂಧಿಸಿಡತ್ತೆ, ಆಮೇಲೆ ನೀವು ವ್ಯಾಟ್ ಏರಿಸ್ತಾ ಕೂರ್ತೀರಿ. ಬಲ್ಬ್ ಮೆಶ್ ಆರಿಸಿ, ಆಬ್ಜೆಕ್ಟ್ ಪ್ರಾಪರ್ಟೀಸ್‌ನ `Ray Visibility` ನಲ್ಲಿ `Shadow` ಟಿಕ್ ತೆಗೀರಿ. ಬಲ್ಬಿಗೆ ಎಮಿಶನ್ 4 ಸಾಕು. ನಿಜ ಲೆಕ್ಕದಲ್ಲಿ ಆ ಗಾತ್ರದ ಬಲ್ಬಿನ ಮೇಲ್ಮೈ 100 ದಾಟತ್ತೆ, ಶೇಡು 1ರ ಹತ್ತಿರ ಇರತ್ತೆ. ನಿಜವನ್ನೇ ಹಾಕಿದ್ರೆ ಕೊನೆಗೆ ಗ್ಲೋ ಹಾಕಿದಾಗ ಆ ಒಂದು ಬಲ್ಬು ಇಡೀ ಪೆಂಡೆಂಟನ್ನೇ ನುಂಗಿಬಿಡತ್ತೆ. ಪಾಯಿಂಟ್ ಲೈಟಿಗೂ `Camera` ಟಿಕ್ ಇದ್ರೆ ತೆಗೆದಿಡಿ.

ಬಲ್ಬನ್ನ ಶೇಡಿನೊಳಗೆ ಎಷ್ಟು ಎತ್ತರದಲ್ಲಿ ಇಡ್ತೀರಿ ಅನ್ನೋದರ ಮೇಲೆ ಟೇಬಲ್ಲಿನ ವೃತ್ತ ನಿಂತಿದೆ. ಕೆಳ ಅಂಚಿನಿಂದ 15 ಸೆಂ.ಮೀ. ಮೇಲಿದ್ರೆ ಟೇಬಲ್ ಮಟ್ಟದಲ್ಲಿ ವೃತ್ತದ ತ್ರಿಜ್ಯ 1.2 ಮೀಟರ್, ಟೇಬಲ್ ದಾಟಿ ಕುರ್ಚಿವರೆಗೂ ಹೋಗತ್ತೆ. 20 ಸೆಂ.ಮೀ. ಗೆ ಏರಿಸಿದ್ರೆ 95 ಸೆಂ.ಮೀ. ಗೆ ಇಳಿಯತ್ತೆ, ಆದ್ರೆ ಅದೇ ಹೊತ್ತಿಗೆ ಸೀಲಿಂಗ್ ಕಡೆ ಹೋಗೋ ಬೆಳಕು ಅಗಲ ಆಗತ್ತೆ. ಮೇಲೆ ಕೆಳಗೆ ಆಡಿಸ್ತಾ ವ್ಯೂಪೋರ್ಟಲ್ಲೇ ನೋಡಿ, ಇದಕ್ಕಿಂತ ಪರಿಣಾಮಕಾರಿ ಹೊಂದಾಣಿಕೆ ಪೆಂಡೆಂಟಲ್ಲಿ ಇನ್ನೊಂದಿಲ್ಲ. ಶೇಡು ಲೋಹದ್ದಾದ್ರೆ ಹೊರಮೈ ಹೊಳೆಯೋ ಪ್ರಶ್ನೆಯೇ ಇಲ್ಲ, ಒಳಮೈಗೆ ಬಿಳಿ ಬಣ್ಣ ಕೊಟ್ಟು ದಪ್ಪವನ್ನೂ ಕೊಡಿ, ಮಿಕ್ಕಿದ್ದು ಇದೇ ಲೆಕ್ಕ.

ಈಗ ಎರಡೂ ಸೇರಿಸಿ ನೋಡೋಣ. ಬಲ್ಬಿನಿಂದ ಟೇಬಲ್ ನಡುವಿಗೆ 90 ಸೆಂ.ಮೀ., 800 ಲೂಮೆನ್ ಎಲ್ಲಾ ಕಡೆ ಹಂಚಿಹೋದ್ರೆ ಒಂದು ದಿಕ್ಕಿಗೆ 64 ಕ್ಯಾಂಡೆಲಾ, ಟೇಬಲ್ ಮೇಲೆ ಸುಮಾರು 79 ಲಕ್ಸ್. ಲಕ್ಸ್ ಅಂದ್ರೆ ಒಂದು ಚದರ ಮೀಟರಿಗೆ ಬಿದ್ದ ಲೂಮೆನ್. ನೆತ್ತಿ ಮೇಲೆ ಡೌನ್‌ಲೈಟ್ ಇಟ್ಟಿದ್ರೆ ಅದೊಂದೇ ಟೇಬಲ್ ಮೇಲೆ 394 ಲಕ್ಸ್ ಸುರೀತಿತ್ತು! ಪೆಂಡೆಂಟು ಉರಿದ್ರೂ ಆರಿದ್ರೂ ಗೊತ್ತಾಗ್ತಿರಲಿಲ್ಲ, ಟೇಬಲ್ ಮೇಲೆ ಶೇಡಿನ ನೆರಳು ಬೇರೆ ಬೀಳ್ತಿತ್ತು. ಮೂಲೆಗೆ ಸರಿಸಿದ ಮೇಲೂ ಡೌನ್‌ಲೈಟ್ ಕೆಳಗಿನ ನೆಲದಲ್ಲಿ 206 ಲಕ್ಸ್ ಇದೆ, ಅಂದ್ರೆ ಟೇಬಲ್ಲಿಗಿಂತ ನೆಲವೇ ಜೋರು. ಹಾಗಾಗಿ `IES Texture` ನೋಡಿನ `Strength` 0.3 ಮಾಡಿ. ನೆಲ 62 ಲಕ್ಸ್‌ಗೆ ಇಳಿಯತ್ತೆ, ಟೇಬಲ್ ಮುಂದೆ ಬರತ್ತೆ. ನಿಜ ಮನೆಯಲ್ಲೂ ಊಟದ ಹೊತ್ತಿಗೆ ಡಿಮ್ಮರ್ ತಿರುಗಿಸೋದು ಇದಕ್ಕೇ ತಾನೆ.

ಗಾಜಿನ ಶೇಡ್ ಹಾಕೋರಿಗೆ ಒಂದು ಮಾತು: `Glass BSDF` ಮುಂದೆ ಸೈಕಲ್ಸ್‌ನ ಮಾಮೂಲಿ ಲೈಟ್ ಲೆಕ್ಕ ಕೈಚೆಲ್ಲತ್ತೆ, ಗಾಜಿನ ಹಿಂದಿನ ಪಾಯಿಂಟ್ ಲೈಟಿಗೆ ಗೋಡೆ ಅಡ್ಡ ಇಟ್ಟ ಹಾಗೆ ನೆರಳು ಬೀಳತ್ತೆ. `Light Path` ನೋಡಿನ `Is Shadow Ray` ಯನ್ನ ಮಿಕ್ಸ್ ಶೇಡರ್‌ನ ಫ್ಯಾಕ್ಟರಿಗೆ ಕೊಟ್ಟು, ನೆರಳಿನ ಕಿರಣಕ್ಕೆ ಮಾತ್ರ `Transparent BSDF` ಸಿಗೋ ಹಾಗೆ ಮಾಡಿ. ಅದರ ಬಣ್ಣ ಪೂರ್ತಿ ಬಿಳಿ ಬೇಡ, 0.8 ಬೂದು ಇಟ್ರೆ ಗಾಜಿಗೆ ತೆಳು ನೆರಳು ಉಳಿಯತ್ತೆ.

5. ಶಾಂಡಲಿಯರ್ ಆದ್ರೆ

ಪೆಂಡೆಂಟ್ ಜಾಗದಲ್ಲಿ ಎಂಟು ಕೈಯಿನ ಶಾಂಡಲಿಯರ್ ಅಂದ್ಕೊಳ್ಳಿ. ನಡುವೆ ಒಂದೇ ದೊಡ್ಡ ಪಾಯಿಂಟ್ ಲೈಟ್ ಇಟ್ಟು ಮುಗಿಸಬೇಡಿ, ಸೀಲಿಂಗ್ ಮೇಲೆ ಎಂಟು ಕಾಲಿನ ಒಂದು ದಪ್ಪ ಕಪ್ಪು ನೆರಳು ಬೀಳತ್ತೆ. ಪ್ರತಿ ಬಲ್ಬಿಗೂ ಒಂದೊಂದು ಲೈಟು: 250 ಲೂಮೆನ್, ಅಂದ್ರೆ 1.4 W, ರೇಡಿಯಸ್ 1 ಸೆಂ.ಮೀ. ಆಗ ಎಂಟು ತೆಳು ನೆರಳು ಒಂದರ ಮೇಲೊಂದು ಬಿದ್ದು ನಿಜದ ಹಾಗೆ ಕಲಸಿಹೋಗತ್ತೆ. ಒಟ್ಟು 2000 ಲೂಮೆನ್ ಆಗೋದ್ರಿಂದ ಡೌನ್‌ಲೈಟನ್ನ ಮತ್ತೆ ಸರಿದೂಗಿಸಬೇಕಾಗತ್ತೆ. ಲೈಟು ಜಾಸ್ತಿ ಆಯ್ತು ಅಂತ ಹೆದರಬೇಡಿ, 3.5 ವರ್ಶನ್‌ನಿಂದ ಬಂದಿರೋ `Light Tree` ಇದನ್ನ ಚೆನ್ನಾಗೇ ನಿಭಾಯಿಸತ್ತೆ.

ಹರಳುಗಳಲ್ಲಿ ಮಾತ್ರ ಮೇಲೆ ಹೇಳಿದ ಬಲ್ಬಿನ ಎಮಿಶನ್ 4 ಸಾಲಲ್ಲ. ಹರಳು ಮಿನುಗೋದು ಬಲ್ಬಿನ ಪ್ರತಿಬಿಂಬದಿಂದ, ಬಲ್ಬೇ ಮಂಕಿದ್ರೆ ಹರಳೂ ಮಂಕು. ಅದಕ್ಕೆ `Is Camera Ray` ಬಳಸಿ: ಕ್ಯಾಮೆರಾ ನೇರವಾಗಿ ನೋಡಿದಾಗ 4, ಹರಳಿನ ಮೂಲಕ ನೋಡಿದಾಗ 100. ಜೊತೆಗೆ ಬಲ್ಬ್ ಮೆಶ್ಶಿನ `Ray Visibility` ನಲ್ಲಿ `Diffuse` ಟಿಕ್ಕನ್ನೂ ತೆಗೀರಿ, ಇಲ್ಲದಿದ್ರೆ ಆ 100 ಗೋಡೆಗಳ ಮೇಲೂ ಬಂದು ಬೆಳಕು ಎರಡು ಸಲ ಲೆಕ್ಕ ಆಗತ್ತೆ. ಹರಳಿನ ಮುಖಗಳು `Shade Flat` ಇರಲಿ. ಸ್ಮೂತ್ ಮಾಡಿದ ಹರಳು ಐಸ್ ತುಂಡಿನ ಹಾಗೆ ಕರಗಿಹೋಗಿರತ್ತೆ. ಗಾಜಿನ ನೆರಳಿಗೆ ಮೇಲಿನ ಅದೇ ಉಪಾಯ.

6. ಬಣ್ಣ

ಲೈಟಿನ ನೋಡ್‌ಗಳಲ್ಲಿ `Blackbody` ಹಾಕಿ ಬಣ್ಣಕ್ಕೆ ಜೋಡಿಸಿ: ಪೆಂಡೆಂಟ್ 2700, ಡೌನ್‌ಲೈಟ್ 3000. ಹಾಕಿದ ತಕ್ಷಣ ರೂಮೆಲ್ಲಾ ಕಿತ್ತಳೆ ಆಯ್ತು ಅಂತ ಅನ್ಸತ್ತೆ, ಅದು ತಪ್ಪಲ್ಲ, ನಿಜ ಜೀವನದಲ್ಲಿ ನಮ್ಮ ಕಣ್ಣು ಹೊಂದ್ಕೊಳ್ಳತ್ತೆ, ಕ್ಯಾಮೆರಾ ಹೊಂದ್ಕೊಳ್ಳಲ್ಲ ಅಷ್ಟೆ. ಲೈಟಿನ ಬಣ್ಣ ಮುಟ್ಟಬೇಡಿ, ಕಲರ್ ಮ್ಯಾನೇಜ್‌ಮೆಂಟ್‌ನ `White Balance` ಆನ್ ಮಾಡಿ ಟೆಂಪರೇಚರ್ 3500 ಸುತ್ತಮುತ್ತ ಇಡಿ. ಪೂರ್ತಿ 2700 ಗೆ ಇಳಿಸಿದ್ರೆ ಬೆಚ್ಚಗಿನ ಭಾವನೆಯೇ ಹೋಗಿಬಿಡತ್ತೆ.

7. ಎಕ್ಸ್‌ಪೋಶರ್, ಆಮೇಲೆ ಗ್ಲೋ

ಇಷ್ಟಾದ ಮೇಲೆ ಚಿತ್ರ ಕತ್ತಲೆಯಾಗಿ ಕಾಣತ್ತೆ, ಆಗ ಕೈ ತಾನಾಗೇ ವ್ಯಾಟ್ ಕಡೆ ಹೋಗತ್ತೆ. ತಡೀರಿ. ಲೈಟುಗಳ ನಡುವಿನ ಅನುಪಾತ ಈಗ ಸರಿ ಇದೆ, ಅದನ್ನ ಕೆಡಿಸದೆ ಎಲ್ಲವನ್ನೂ ಒಟ್ಟಿಗೆ ಏರಿಸಬೇಕು. ರೆಂಡರ್ ಪ್ರಾಪರ್ಟೀಸ್‌ನ `Film` ಕೆಳಗಿನ `Exposure` ಅನ್ನು 4 ಮಾಡಿ, ನಾಲ್ಕು ಪಟ್ಟು ಬೆಳಕಾಗತ್ತೆ. ಕಲರ್ ಮ್ಯಾನೇಜ್‌ಮೆಂಟಲ್ಲೂ ಎಕ್ಸ್‌ಪೋಶರ್ ಇದೆ, ಅಲ್ಲಿ +2 ಹಾಕಿದ್ರೂ ಕಣ್ಣಿಗೆ ಅದೇ ಫಲ, ಆದ್ರೆ ಅದು ಗ್ಲೋ ಆದ ಮೇಲೆ ನಡೆಯೋ ಕೆಲಸ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಒದ್ದಾಡ್ತಾರೆ: ಕಲರ್ ಮ್ಯಾನೇಜ್‌ಮೆಂಟಲ್ಲಿ ಏರಿಸಿರ್ತಾರೆ, ಶೇಡು ಪರದೆ ಮೇಲೆ ಫಳಫಳ ಹೊಳೀತಿರತ್ತೆ, ಆದ್ರೆ ಕಂಪೋಸಿಟರ್ ಕಣ್ಣಲ್ಲಿ ಅದರ ಬೆಲೆ ಇನ್ನೂ 0.9, ಗ್ಲೋ ಶುರುವಾಗೋ ಮಿತಿ 1, ಏನೂ ಆಗಲ್ಲ.

ರೆಂಡರ್ ಆದ ಚಿತ್ರದ ಮೇಲೆ ಮೌಸಿನ ಬಲ ಬಟನ್ ಒತ್ತಿ ಹಿಡಿದ್ರೆ ಕೆಳಗೆ ಆ ಜಾಗದ ಬೆಲೆ ಬರತ್ತೆ. ನಮ್ಮ ರೂಮಲ್ಲಿ ಟೇಬಲ್ 0.4 ರಿಂದ 0.5, ಶೇಡಿನ ನಡುಭಾಗ 3 ರಿಂದ 4, ಅಂದ್ರೆ ಟೇಬಲ್ಲಿಗಿಂತ ಏಳೆಂಟು ಪಟ್ಟು ಬಂದ್ರೆ ಸರಿ. ಎರಡೂ ಹತ್ತಿರ ಹತ್ತಿರ ಇದ್ರೆ ಶೇಡು ಬರೀ ಬಿಳಿ ಬಟ್ಟೆ, ಐವತ್ತು ಪಟ್ಟು ಇದ್ರೆ ಸುಟ್ಟ ಚುಕ್ಕೆ. ಹೊಂದಿಸಬೇಕಿದ್ರೆ ಬಲ್ಬ್ ಮುಟ್ಟಬೇಡಿ, ಶೇಡಿನ ಬಣ್ಣ ಅಥವಾ ಮಿಕ್ಸ್ ಫ್ಯಾಕ್ಟರ್ ಬದಲಿಸಿ. ಆಗ ಟೇಬಲ್ ಮೇಲಿನ ಬೆಳಕು ಹೆಚ್ಚುಕಮ್ಮಿ ಹಾಗೇ ಉಳಿಯತ್ತೆ.

ಗ್ಲೋ ಹಾಕೋದು ಈಗ. ಕಂಪೋಸಿಟರಲ್ಲಿ `Glare` ನೋಡ್, ಬಗೆ `Fog Glow` ಅಥವಾ ಹೊಸ ವರ್ಶನ್ ಆದ್ರೆ `Bloom`. `Threshold`, ಅಂದ್ರೆ ಎಷ್ಟಕ್ಕಿಂತ ಜೋರಿರೋ ಪಿಕ್ಸೆಲ್‌ಗೆ ಗ್ಲೋ ಬರಬೇಕು ಅನ್ನೋದನ್ನ, 2 ಇಡಿ: ಟೇಬಲ್ಲಿಗಿಂತ ಸಾಕಷ್ಟು ಮೇಲೆ, ಶೇಡಿಗಿಂತ ಸ್ವಲ್ಪ ಕೆಳಗೆ. ಕಮ್ಮಿ ಇಟ್ರೆ ಟೇಬಲ್ ಮೇಲಿನ ಬಿಳಿ ಊಟದ ತಟ್ಟೆ, ಗೋಡೆ ಮೇಲಿನ ಕಮಾನು, ಎಲ್ಲಾ ಹೊಗೆಯಾಡತ್ತೆ. ಜೋರನ್ನ ತೀರಾ ಕಮ್ಮಿ ಇಟ್ಟು, ನೋಡನ್ನ `M` ಒತ್ತಿ ಆಫ್ ಆನ್ ಮಾಡಿ ನೋಡಿ. ಆಫ್ ಮಾಡಿದಾಗ ಲ್ಯಾಂಪು ಆರಿಹೋದ ಹಾಗೆ ಅನ್ಸಿದ್ರೆ 4ನೇ ಹಂತಕ್ಕೆ ವಾಪಸ್ ಹೋಗಬೇಕು, ಗ್ಲೋ ಏರಿಸಿ ಪ್ರಯೋಜನ ಇಲ್ಲ.

ಡಿನಾಯ್ಸ್ ಮೊದಲು, ಗ್ಲೇರ್ ಆಮೇಲೆ. ಉಲ್ಟಾ ಮಾಡಿದ್ರೆ ಒಂಟಿ ಬಿಳಿ ಚುಕ್ಕೆ ನಾಯ್ಸ್‌ಗೆಲ್ಲಾ ಗ್ಲೋ ಬಂದು ಗೋಡೆ ತುಂಬ ಮಿಣುಕುಹುಳ. ಬಟ್ಟೆ ಶೇಡ್ ದಾಟಿ ಗೋಡೆಗೆ ಬರೋ ಬೆಳಕು ಸುತ್ತು ಹಾದಿಯಲ್ಲಿ ಬರೋದ್ರಿಂದ ಅಲ್ಲಿ ನಾಯ್ಸ್ ಸ್ವಲ್ಪ ಜಾಸ್ತಿಯೇ ಇರತ್ತೆ, ಸ್ಯಾಂಪಲ್ ಕೊಟ್ಟು ಕಾಯಬೇಕು. ಗ್ಲೋವನ್ನ ಫೋಟೋ ಎಡಿಟರಲ್ಲಿ ಹಾಕ್ತೀನಿ ಅನ್ನೋರು ರೆಂಡರನ್ನ ಪಿಎನ್‌ಜಿ ಬದಲು `OpenEXR` ಆಗಿ ಸೇವ್ ಮಾಡಿ. ಪಿಎನ್‌ಜಿಯಲ್ಲಿ ಶೇಡಿನ 4 ಕೂಡ, ಬಲ್ಬಿನ ಪ್ರತಿಬಿಂಬದ 100 ಕೂಡ ಹೆಚ್ಚುಕಮ್ಮಿ ಒಂದೇ ಬಿಳಿಯಾಗಿ ಬಂದು ಕೂತಿರತ್ತೆ, ಯಾವುದಕ್ಕೆ ಎಷ್ಟು ಗ್ಲೋ ಅಂತ ಎಡಿಟರಿಗೆ ಗೊತ್ತಾಗೋ ದಾರಿಯೇ ಇರಲ್ಲ.